ಪೂಜೆಗೆ ಬರಲ್ಲ, ಮನೆಗೆ ಬರ್ತೀನಿ: ಒಂದು ಗೃಹಪ್ರವೇಶದ ಕರೆಯ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಊರಿನ ಪ್ರೌಢಶಾಲೆಯಲ್ಲಿ ನಡೆದ ಸಂಗತಿ ಇದು. ನಾನು ಅಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಕರೆದವರೂ ಬರಲು ಆಗದವರೂ ಇಬ್ಬರೂ ನನ್ನ ಸಹೋದ್ಯೋಗಿಗಳು. ಇಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದ್ದರು. ಬರೆಯಲಾ ಅಂತ ಕೇಳಿದಾಗ ಇಬ್ಬರೂ ಒಪ್ಪಿದರು, ಹೆಸರು ಮಾತ್ರ ಬೇಡ ಅಂದರು. ಹಾಗಾಗಿ ಸ್ಟಾಫ್ ರೂಮಿನಲ್ಲಿ ಕರೆಯುತ್ತಿದ್ದ ಹಾಗೆ ಒಬ್ಬರನ್ನು ಕನ್ನಡ ಮೇಡಂ ಅಂತಲೂ ಇನ್ನೊಬ್ಬರನ್ನು ವಿಜ್ಞಾನ ಮೇಡಂ ಅಂತಲೂ ಕರೆಯುತ್ತೇನೆ.

ಕನ್ನಡ ಮೇಡಂ ಬ್ರಾಹ್ಮಣರು, ವಯಸ್ಸಿನಲ್ಲಿ ಹಿರಿಯರು. ವಿಜ್ಞಾನ ಮೇಡಂ ಮುಸ್ಲಿಂ, ಐದು ಹೊತ್ತಿನ ನಮಾಜು ತಪ್ಪಿಸದವರು. ಕನ್ನಡ ಮೇಡಂನ ಅವರು ಅಕ್ಕ ಅಂತಲೇ ಕರೆಯುತ್ತಿದ್ದರು. ಒಂದೇ ಬಸ್ಸಿನಲ್ಲಿ ಓಡಾಟ. ವಿಜ್ಞಾನ ಮೇಡಂ ಮಗಳಿಗೆ ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿದ್ದಾಗ ಅವರ ಪೀರಿಯಡ್ಡುಗಳನ್ನೆಲ್ಲ ಕನ್ನಡ ಮೇಡಂ ನೋಡಿಕೊಂಡಿದ್ದರು, ಸಂಜೆ ಗಂಜಿ ಮಾಡಿ ಆಸ್ಪತ್ರೆಗೂ ಒಯ್ದಿದ್ದರು. ಇಂಥವರ ಕರೆಗೆ ಇಲ್ಲ ಅನ್ನುವುದು ಹೇಗೆ ಅನ್ನುವುದೇ ಇಲ್ಲಿನ ಪ್ರಶ್ನೆ. ಪರಿಚಯ ಇಲ್ಲದವರು ಕರೆದಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ.

ಕರೆ ಬಂದ ಬಗೆ

ಕನ್ನಡ ಮೇಡಂ ಹೊಸ ಮನೆ ಕಟ್ಟಿಸಿದ್ದರು. ಒಂದು ಸಂಜೆ ಗಂಡ ಹೆಂಡತಿ ಇಬ್ಬರೂ ಕಾರ್ಡು ಹಿಡಿದು ವಿಜ್ಞಾನ ಮೇಡಂ ಮನೆಗೆ ಹೋದರು. ಬೇರೆ ಮನೆಗಳಲ್ಲಿ ಕುಂಕುಮ ಅಕ್ಷತೆ ಕೊಟ್ಟು ಕರೆಯುತ್ತಿದ್ದವರು ಇಲ್ಲಿ ಕುಂಕುಮದ ಭರಣಿಯನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಎಲೆ ಅಡಿಕೆ, ಬಾಳೆಹಣ್ಣು ಇಟ್ಟು ಕಾರ್ಡು ಕೊಟ್ಟರು. ಇದು ಚಿಕ್ಕ ಸಂಗತಿಯೇನಲ್ಲ. ಎದುರಿನವರ ಪದ್ಧತಿ ಬೇರೆ ಅನ್ನುವುದು ಕರೆಯುವವರಿಗೆ ಗೊತ್ತಿತ್ತು ಅನ್ನುವುದಕ್ಕೆ ಅದು ಗುರುತು. ಮುಂದೆ ಮಾತು ಸಲೀಸಾಗಿದ್ದಕ್ಕೆ ಇದೂ ಒಂದು ಕಾರಣ.

ಹೊರಡುವಾಗ ಕನ್ನಡ ಮೇಡಂ ಹೇಳಿದ ಮಾತು ಇದು: "ಭಾನುವಾರ ಬೆಳಗಿನ ಜಾವ ಹೋಮ, ಹತ್ತೂವರೆಗೆ ಸತ್ಯನಾರಾಯಣ ಪೂಜೆ, ಆಮೇಲೆ ಊಟ. ಪೂಜೆಗೇ ಬರಬೇಕು ನೋಡು. ಊಟದ ಹೊತ್ತಿಗೆ ಬಂದು ಹೋದ್ರೆ ಆಗಲ್ಲ."

ಹೇಳಿದ್ದು ಪ್ರೀತಿಯಿಂದಲೇ. ಆದರೆ ಸಾಮಾನ್ಯವಾಗಿ ನಮ್ಮಲ್ಲಿ ಕರೆಯುವವರೇ ಒಂದು ದಾರಿ ಬಿಟ್ಟಿರುತ್ತಾರೆ. "ಆಗದಿದ್ರೆ ಊಟಕ್ಕಾದ್ರೂ ಬನ್ನಿ" ಅಂತಾರೆ. ಆ ದಾರಿಯನ್ನೇ ಅಕ್ಕ ಮುಚ್ಚಿಬಿಟ್ಟಿದ್ದರು. ಭಾನುವಾರ ಆದ್ದರಿಂದ ಶಾಲೆಯ ನೆವವೂ ಇಲ್ಲ.

ವಿಜ್ಞಾನ ಮೇಡಂಗೆ ತಮ್ಮ ನಿಲುವು ಸ್ಪಷ್ಟ ಇತ್ತು. ಅಕ್ಕನ ಮನೆಗೆ ಹೋಗಲು, ಅಲ್ಲಿ ಉಣ್ಣಲು, ಸಂತೋಷದಲ್ಲಿ ಸೇರಲು ಯಾವ ತಕರಾರೂ ಇಲ್ಲ. ಪೂಜೆಯಲ್ಲಿ ಕೂರುವುದು, ಮಂಗಳಾರತಿ ತೆಗೆದುಕೊಳ್ಳುವುದು, ತೀರ್ಥ ಪ್ರಸಾದ ಸ್ವೀಕರಿಸುವುದು ಅವರಿಂದ ಆಗದು. ಖುರಾನಿನ ಎರಡನೇ ಅಧ್ಯಾಯದ 173ನೇ ವಚನದಲ್ಲಿ ತಿನ್ನಬಾರದ್ದನ್ನು ಹೇಳುವಾಗ ಅಲ್ಲಾಹನ ಹೊರತು ಬೇರೆ ಹೆಸರಿಗೆ ಅರ್ಪಿಸಿದ್ದೂ ಸೇರಿದೆ. ಅದು ಬಲಿಯ ಮಾಂಸದ ಬಗ್ಗೆ ಅಂತ ಓದುವವರಿದ್ದಾರೆ, ಯಾವ ನೈವೇದ್ಯಕ್ಕೂ ಅನ್ವಯಿಸುತ್ತದೆ ಅಂತ ಓದುವವರೂ ಇದ್ದಾರೆ. ಇವರ ತವರಿನಲ್ಲಿ ಎರಡನೆಯದೇ ನಡೆದುಬಂದಿದೆ. ಬೇರೆ ಮುಸ್ಲಿಂ ಮನೆಗಳಲ್ಲಿ ಬೇರೆ ಥರ ಇರಬಹುದು, ಅದರ ಮಾತು ಮುಂದೆ ಬರುತ್ತದೆ.

ಸತ್ಯನಾರಾಯಣ ಪೂಜೆಯೇ ಯಾಕೆ ಕಷ್ಟ

ಹೊರಗಿನಿಂದ ನೋಡಿದರೆ ಎಲ್ಲ ಪೂಜೆಯೂ ಒಂದೇ ಅನ್ನಿಸಬಹುದು. ಬೇಡ ಅನ್ನುವ ವಿಚಾರಕ್ಕೆ ಬಂದಾಗ ಸತ್ಯನಾರಾಯಣ ಪೂಜೆ ಬೇರೆಯೇ. ಕಾರಣ ಆ ದಿನ ಓದುವ ಕಥೆಯಲ್ಲೇ ಇದೆ.

ಪೂಜೆ ಮುಗಿದ ಮೇಲೆ ಐದು ಅಧ್ಯಾಯದ ಕಥೆ ಓದುತ್ತಾರೆ. ನಾಲ್ಕನೇ ಅಧ್ಯಾಯದಲ್ಲಿ ಕಲಾವತಿ ಅನ್ನುವ ಹೆಣ್ಣುಮಗಳು ಗಂಡನ ಹಡಗು ಬಂತು ಅನ್ನುವ ಆತುರದಲ್ಲಿ ಪ್ರಸಾದ ಬಿಟ್ಟು ಓಡುತ್ತಾಳೆ, ಹಡಗು ನೀರಿನಲ್ಲಿ ಮರೆಯಾಗುತ್ತದೆ. ವಾಪಸ್ ಬಂದು ಪ್ರಸಾದ ತಿಂದ ಮೇಲೆ ಗಂಡ ಸಿಗುತ್ತಾನೆ. ಐದನೇ ಅಧ್ಯಾಯದಲ್ಲಿ ತುಂಗಧ್ವಜ ಅನ್ನುವ ರಾಜ ಬೇಟೆಯಿಂದ ಬರುವಾಗ ಆಲದ ಮರದ ಕೆಳಗೆ ಗೊಲ್ಲರು ಈ ಪೂಜೆ ಮಾಡುತ್ತಿರುವುದನ್ನು ನೋಡುತ್ತಾನೆ. ಅವರು ಕೊಟ್ಟ ಪ್ರಸಾದವನ್ನು ಗರ್ವದಿಂದ ಅಲ್ಲೇ ಬಿಟ್ಟು ಹೋಗುತ್ತಾನೆ. ನೂರು ಮಕ್ಕಳನ್ನೂ ಸಿರಿಯನ್ನೂ ಕಳೆದುಕೊಳ್ಳುತ್ತಾನೆ. ಆಮೇಲೆ ಗೊಲ್ಲರ ಹತ್ತಿರವೇ ಬಂದು ಪ್ರಸಾದ ತಿಂದು ಎಲ್ಲವನ್ನೂ ಮರಳಿ ಪಡೆಯುತ್ತಾನೆ.

ಈಗ ಈ ಕಥೆ ಕೇಳಿ ಎದ್ದ ಜನರ ನಡುವೆ ಒಬ್ಬರು ಕೈ ಹಿಂದೆ ಸರಿಸಿ "ಪ್ರಸಾದ ಬೇಡ" ಅಂದರೆ ಏನಾಗುತ್ತದೆ ಅಂತ ಯೋಚಿಸಿ. ಆಗಷ್ಟೇ ಕೇಳಿದ ತುಂಗಧ್ವಜನ ಗರ್ವ ಕಣ್ಣಮುಂದೆ ಬರುತ್ತದೆ. ಬೇಡ ಅಂದವರಿಗೆ ಕೇಡಾಗುತ್ತದೇನೋ ಅಂತ ಮನೆಯ ಹಿರಿಯರು ನಿಜವಾಗಿಯೂ ಭಯಪಡುತ್ತಾರೆ. ತಮ್ಮ ಪೂಜೆಗೆ ಊನ ಬಂತೇನೋ ಅಂತ ಇನ್ನೊಂದು ಚಿಂತೆ. ಸತ್ಯನಾರಾಯಣ ಪೂಜೆಗೆ ಕರೆಯದಿದ್ದರೂ ಹೋಗಬೇಕು, ಪ್ರಸಾದ ಮಾತ್ರ ಬೇಡ ಅನ್ನಬಾರದು ಅನ್ನುವ ಮಾತು ನಮ್ಮ ಮನೆಗಳಲ್ಲಿ ಬಳಕೆಯಲ್ಲೇ ಇದೆ. ಹಾಗಾಗಿ ಮದುವೆಗೆ, ನಾಮಕರಣಕ್ಕೆ ನಡೆದುಹೋಗುವ "ಹೋಗಿ ನೋಡೋಣ, ಕೊಟ್ಟಾಗ ಬೇಡ ಅಂದ್ರಾಯ್ತು" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇಡ ಅನ್ನುವುದಿದ್ದರೆ ಪ್ರಸಾದದ ತಟ್ಟೆ ಎದುರು ಬರುವ ಮೊದಲೇ, ಇನ್ನೂ ಹೇಳಬೇಕೆಂದರೆ ಪೂಜೆಯ ದಿನಕ್ಕೂ ಮೊದಲೇ ಹೇಳಬೇಕು.

ಅವರು ಯೋಚಿಸಿ ಬಿಟ್ಟ ದಾರಿಗಳು

ವಿಜ್ಞಾನ ಮೇಡಂ ನನ್ನ ಹತ್ತಿರ ಬಂದಿದ್ದು ಕಾರ್ಡು ಸಿಕ್ಕ ಮಾರನೇ ದಿನ. ಊಟದ ಬಿಡುವಿನಲ್ಲಿ ಲ್ಯಾಬಿನ ಹಿಂದಿನ ಕಟ್ಟೆಯ ಮೇಲೆ ಕೂತು ಮಾತಾಡಿದೆವು.

ಅವರ ಮನೆಯವರು ಹೇಳಿದ್ದು ಸುಲಭದ ದಾರಿ. ಬರ್ತೀನಿ ಅನ್ನು, ಆ ದಿನ ಹೋಗಬೇಡ. ನಮ್ಮಲ್ಲಿ ಜಾಸ್ತಿ ಜನ ಮಾಡುವುದೂ ಇದನ್ನೇ. ಆದರೆ ಗೃಹಪ್ರವೇಶದಲ್ಲಿ ಎಲೆ ಲೆಕ್ಕ ಇರುತ್ತದೆ. ಅಡುಗೆಯವರಿಗೆ ಇಷ್ಟು ಎಲೆ ಅಂತ ಮೊದಲೇ ಹೇಳಿರುತ್ತಾರೆ. ಅದಕ್ಕಿಂತ ದೊಡ್ಡ ಕಷ್ಟ ಬೇರೆ. ಹತ್ತಿರದವರು ಬರದಿದ್ದರೆ ಆ ಗಡಿಬಿಡಿಯಲ್ಲೂ ಫೋನು ಬರುತ್ತದೆ: "ಎಲ್ಲಿದ್ದೀಯಾ, ಹೊರಟ್ಯಾ?" ಫೋನು ಎತ್ತಿದರೆ ಸುಳ್ಳು ಹೇಳಬೇಕು, ಎತ್ತದಿದ್ದರೆ ಅವರು ಗಾಬರಿಯಾಗುತ್ತಾರೆ.

ಎರಡನೆಯದು ಜ್ವರ, ಮಗಳ ಪರೀಕ್ಷೆ, ಊರಿನಿಂದ ನೆಂಟರು. ತಾಲ್ಲೂಕು ಊರಿನಲ್ಲಿ ಇದು ಸಂಜೆಯವರೆಗೂ ಬಾಳುವುದಿಲ್ಲ. ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಯಾರೋ ನೋಡೇ ನೋಡುತ್ತಾರೆ. ಅದೂ ಅಲ್ಲದೆ ಕನ್ನಡ ಮೇಡಂ ಮನೆಯಲ್ಲಿ ವರಮಹಾಲಕ್ಷ್ಮಿ ಇದೆ, ನವರಾತ್ರಿ ಇದೆ, ಮುಂದೆ ಮಗನ ಮದುವೆ ಇದೆ. ಪ್ರತಿ ಸಲ ಒಂದೊಂದು ಜ್ವರ ತರಲು ಆಗುತ್ತದೆಯೇ? ನೆವ ಒಂದು ದಿನವನ್ನು ದಾಟಿಸುತ್ತದೆ, ಮುಂದಿನ ಕರೆಗೆ ಮತ್ತೆ ಅಲ್ಲೇ ತಂದು ನಿಲ್ಲಿಸುತ್ತದೆ. ಎರಡು ಮೂರು ಸಲ ಆದ ಮೇಲೆ ಕರೆಯುವವರಿಗೆ ಕಾರಣ ತಾನಾಗೇ ಹೊಳೆಯುತ್ತದೆ. ಆಗ ಅವರಿಗೆ ನೋವಾಗುವುದು ಬರದಿದ್ದಕ್ಕಲ್ಲ, ತಮ್ಮನ್ನು ನಂಬಿ ಹೇಳಲಿಲ್ಲವಲ್ಲ ಅನ್ನುವುದಕ್ಕೆ.

ಮೂರನೆಯದು ಹೋಗಿ, ಪ್ರಸಾದ ಕೈಯಲ್ಲಿ ತೆಗೆದುಕೊಂಡು, ತಿನ್ನದೆ ಬ್ಯಾಗಿಗೆ ಹಾಕಿಕೊಂಡು ಬರುವುದು. ಇದನ್ನು ಮಾಡುವವರಿದ್ದಾರೆ, ಮನೆಗೆ ಬಂದು ಪಕ್ಕದ ಹಿಂದೂ ಮನೆಯವರಿಗೆ ಕೊಟ್ಟುಬಿಡುತ್ತಾರೆ. ಕೆಟ್ಟ ಮನಸ್ಸೇನೂ ಅದರಲ್ಲಿಲ್ಲ. ಆದರೆ ಸತ್ಯನಾರಾಯಣ ಪೂಜೆಯ ಪ್ರಸಾದ ಸಪಾದ ಭಕ್ಷ್ಯ. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಎಲ್ಲ ಒಂದೂಕಾಲು ಅಳತೆಯಲ್ಲಿ ಹಾಕಿ ಮಾಡುವುದು. ಬಿಸಿಬಿಸಿಯಾಗಿ ಎಲೆಯ ಚೂರಿನ ಮೇಲೋ ದೊನ್ನೆಯಲ್ಲೋ ಕೊಡುತ್ತಾರೆ, ತುಪ್ಪ ಜಿನುಗುತ್ತಿರುತ್ತದೆ. ಎಲ್ಲರೂ ಅಲ್ಲೇ ನಿಂತು ತಿನ್ನುತ್ತಾರೆ. ಬ್ಯಾಗಿಗೆ ಹಾಕಿಕೊಳ್ಳುವುದು ಯಾರಿಗೂ ಕಾಣದೆ ಇರುವುದಿಲ್ಲ. ಎಲ್ಲಾದರೂ ಬಿಟ್ಟು ಬಂದರೆ, ಅಥವಾ ಕಸದ ಬುಟ್ಟಿಯಲ್ಲಿ ಯಾರಾದರೂ ನೋಡಿದರೆ, ಅದನ್ನು ಸರಿಪಡಿಸಲು ಯಾವ ಮಾತೂ ಸಾಲದು.

ಉಳಿದಿದ್ದು ಒಂದೇ. ಮೊದಲೇ, ನೇರವಾಗಿ, ಅಕ್ಕನಿಗೆ ಮಾತ್ರ ಹೇಳುವುದು.

ಇಲ್ಲಿ ನಾನು ಅವರಿಗೆ ಒಂದು ಸಂಗತಿ ನೆನಪಿಸಿದೆ. ಕನ್ನಡ ಮೇಡಂ ರಂಜಾನಿನಲ್ಲಿ ಇಫ್ತಾರ್ ಹೊತ್ತಿಗೆ ಇವರ ಮನೆಗೆ ಬರುತ್ತಾರೆ, ಖರ್ಜೂರ ಹಣ್ಣು ತಿನ್ನುತ್ತಾರೆ. ಹಬ್ಬದ ದಿನ ಶೀರ್ ಖುರ್ಮಾ ಕುಡಿಯುತ್ತಾರೆ. ಬಕ್ರೀದಿನ ದಿನ ಮಾತ್ರ ಬರುವುದಿಲ್ಲ. "ಇವತ್ತು ಬೇಡಮ್ಮ, ನಾಳೆ ಬರ್ತೀನಿ" ಅಂತ ಮೊದಲ ವರ್ಷವೇ ಹೇಳಿದ್ದರು. ಮಾರನೇ ದಿನ ಬಂದು ಚಹಾ ಕುಡಿದು ಹೋಗುತ್ತಾರೆ. ಅದರಿಂದ ಇವರಿಗೆ ಯಾವತ್ತಾದರೂ ಬೇಜಾರಾಗಿತ್ತೇ? ಇಲ್ಲ. ಅಂದರೆ ಇವರಿಬ್ಬರ ನಡುವೆ ಇಷ್ಟು ಬರ್ತೀನಿ, ಇಷ್ಟಕ್ಕೆ ಬರಲ್ಲ ಅನ್ನುವುದು ಹೊಸದೇನೂ ಆಗಿರಲಿಲ್ಲ. ಅದನ್ನು ಹೇಳುವ ಸರದಿ ಈಗ ಇವರದಾಗಿತ್ತು, ಅಷ್ಟೇ.

ಹೇಳಿದ ಮಾತು

ಕಾರ್ಡು ಕೊಡಲು ಬಂದಾಗಲೇ ವಿಜ್ಞಾನ ಮೇಡಂ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು "ತುಂಬಾ ಖುಷಿಯಾಯ್ತು ಅಕ್ಕ, ಅಂತೂ ಮನೆ ಆಯ್ತಲ್ಲ" ಅಂದಿದ್ದರು. ಬರ್ತೀನಿ ಅಂದಿರಲಿಲ್ಲ, ಬರಲ್ಲ ಅಂತಲೂ ಅಂದಿರಲಿಲ್ಲ. ಗಂಡನ ಎದುರು, ಎಲೆ ಅಡಿಕೆ ಕೊಟ್ಟ ಗಳಿಗೆಯಲ್ಲೇ ಇಲ್ಲ ಅಂದಿದ್ದರೆ ಶುಭಕಾರ್ಯಕ್ಕೆ ಕರೆದು ಇಲ್ಲ ಅನ್ನಿಸಿಕೊಂಡ ಹಾಗಾಗುತ್ತಿತ್ತು.

ಹೆಚ್ಚು ದಿನ ಬಿಡಲಿಲ್ಲ. ಕಾರ್ಡು ಹಂಚುವುದು ಇನ್ನೂ ನಡೆಯುತ್ತಿರುವಾಗಲೇ, ಅಡುಗೆಯವರಿಗೆ ಲೆಕ್ಕ ಕೊಡುವ ಮೊದಲೇ ಹೇಳಿದರು. ವಾಟ್ಸಾಪಿನಲ್ಲಿ ಬರೆಯಲಿಲ್ಲ. ಬರೆದಿದ್ದು ಉಳಿದುಬಿಡುತ್ತದೆ, ಇನ್ನೊಬ್ಬರಿಗೆ ತೋರಿಸಬಹುದು, ಓದುವವರು ತಮಗೆ ಬೇಕಾದ ದನಿಯಲ್ಲಿ ಓದಿಕೊಳ್ಳುತ್ತಾರೆ. ಸ್ಟಾಫ್ ರೂಮಿನಲ್ಲೂ ಹೇಳಲಿಲ್ಲ. ಸಂಜೆ ಬಸ್ಸಿಗೆ ಕಾಯುವಾಗ, ಇಬ್ಬರೇ ಇದ್ದಾಗ ಹೇಳಿದರು. ಕನ್ನಡ ಮೇಡಂ ಆ ಮಾತನ್ನು ನನಗೆ ಹೆಚ್ಚು ಕಡಿಮೆ ಹೀಗೆ ಹೇಳಿದ್ದಾರೆ:

"ಅಕ್ಕಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಪೂಜೆಯ ಹೊತ್ತಿಗೆ ಬಂದು ಕೂರೋಕೆ ನನ್ನಿಂದ ಆಗಲ್ಲ. ನಾನು ನಡ್ಕೊಂಡು ಬಂದಿರೋ ರೀತಿ ಹಾಗೆ. ಬಂದು, ನೀವು ಕೊಟ್ಟಿದ್ದನ್ನ ಅಲ್ಲಿ ಬೇಡ ಅನ್ನೋದು ನನಗೆ ಇಷ್ಟ ಇಲ್ಲ. ಅದಕ್ಕೇ ಮೊದಲೇ ಹೇಳ್ತಿದ್ದೀನಿ. ಸಂಜೆ ಬರ್ತೀನಿ, ಮಗಳನ್ನೂ ಕರ್ಕೊಂಡು ಬರ್ತೀನಿ. ಮನೆಯೆಲ್ಲ ನೀವೇ ತೋರಿಸ್ಬೇಕು. ಊಟ ಉಳಿಸಿಟ್ಟಿರಿ."

ಈ ಮಾತಿನಲ್ಲಿ ಇರುವುದಕ್ಕಿಂತ ಇಲ್ಲದ್ದನ್ನು ಗಮನಿಸಬೇಕು. "ನಮ್ಮಲ್ಲಿ ಅದು ಹರಾಮ್" ಅನ್ನಲಿಲ್ಲ. ಅವರ ಮನೆಮಾತಿನಲ್ಲಿ ಅದು ದಿನಬಳಕೆಯ ಪದವೇ ಇರಬಹುದು. ಆದರೆ ಅಕ್ಕನ ಕಿವಿಗೆ ಅದು ತಾನು ದೇವರಿಗೆ ಇಟ್ಟಿದ್ದು ಕೊಳಕು ಅಂದ ಹಾಗೆ ಕೇಳಿಸುತ್ತಿತ್ತು. "ನಮ್ಮ ಧರ್ಮದಲ್ಲಿ ತಪ್ಪು" ಅಂದಿದ್ದರೆ ಹಾಗಾದರೆ ನಮ್ಮದು ತಪ್ಪೇ ಅನ್ನುವ ಪ್ರಶ್ನೆ ಬರುತ್ತಿತ್ತು. ಮೂರ್ತಿ, ದೇವರು ಒಬ್ಬನೇ, ಆ ವಚನ ಈ ವಚನ ಯಾವುದೂ ಬರಲಿಲ್ಲ. "ನನ್ನಿಂದ ಆಗಲ್ಲ" ಅಂದರು. ಅಕ್ಕನ ಪೂಜೆ ಅದರ ಜಾಗದಲ್ಲಿ ಹಾಗೆಯೇ ಉಳಿಯಿತು.

"ದೇವರೆಲ್ಲ ಒಂದೇ ಅಲ್ವಾ ಅಕ್ಕ, ಆದ್ರೂ..." ಅಂತ ಸವರುವ ಮಾತನ್ನೂ ಆಡಲಿಲ್ಲ. ಅದು ಅನೇಕರ ಬಾಯಿಗೆ ಬರುತ್ತದೆ. ಆದರೆ ಎಲ್ಲ ಒಂದೇ ಅಂದವರು ಯಾಕೆ ಬರುವುದಿಲ್ಲ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ತಾನು ನಂಬದ ಮಾತನ್ನು ಸಮಾಧಾನಕ್ಕೆ ಹೇಳುವುದು ಬೇಡ ಅಂತ ನಾನೂ ಹೇಳಿದ್ದೆ.

ಕೊನೆಯ ಮೂರು ವಾಕ್ಯಗಳೇ ಇಡೀ ಮಾತನ್ನು ಉಳಿಸಿದವು ಅಂತ ನನಗೆ ಅನ್ನಿಸುತ್ತದೆ. ಸಂಜೆ ಬರ್ತೀನಿ ಅನ್ನುವುದರಲ್ಲಿ ಹೊತ್ತು ಗೊತ್ತಾಯಿತು. ಮಗಳನ್ನು ಕರೆತರುತ್ತೇನೆ ಅನ್ನುವುದರಲ್ಲಿ ಇದು ಕಾಟಾಚಾರದ ಭೇಟಿ ಅಲ್ಲ ಅನ್ನುವುದು ಗೊತ್ತಾಯಿತು. ಊಟ ಉಳಿಸಿಡಿ ಅಂತ ಬಾಯಿಬಿಟ್ಟು ಕೇಳಿದ್ದಂತೂ ತುಂಬಾ ಮುಖ್ಯ. ನಮ್ಮ ಕಡೆ ಒಬ್ಬರ ಮನೆಯಲ್ಲಿ ಉಣ್ಣುವುದಿಲ್ಲ ಅನ್ನುವುದಕ್ಕೆ ಜಾತಿಯ ಹಳೆಯ ಗಾಯ ಅಂಟಿಕೊಂಡಿದೆ. ನೀರು ಮುಟ್ಟದವರು, ಹೊರಗಿನ ಜಗುಲಿಯಲ್ಲೇ ಕೂತು ಹೋಗುವವರು, ಇವನ್ನೆಲ್ಲ ನೋಡಿ ಬೆಳೆದವರು ನಾವು. ಬೇರೆ ಮತದವರು ಪ್ರಸಾದ ಬೇಡ ಅಂದಾಗಲೂ ಕೇಳುವವರ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ. ಊಟ ಕೇಳಿ ಪಡೆದವರ ಮೇಲೆ ಆ ಅನುಮಾನ ನಿಲ್ಲುವುದಿಲ್ಲ. ದಲಿತರ ಮನೆಯ ಕಾರ್ಯಕ್ಕೆ ಹೀಗೆ ಬರಲಾಗದು ಅನ್ನುವವರು ಈ ಮಾತನ್ನು ಇನ್ನೂ ಜಾಸ್ತಿ ನೆನಪಿಡಬೇಕು. ಅಲ್ಲಿ ಏನನ್ನು ಬಿಟ್ಟರೂ ಒಳಗೆ ಹೋಗಿ ಕೂತು ನೀರು ಕುಡಿದು ಊಟ ಮಾಡುವುದನ್ನು ಬಿಡಬಾರದು.

ಕನ್ನಡ ಮೇಡಂ ಒಂದು ಗಳಿಗೆ ಸುಮ್ಮನಿದ್ದರಂತೆ. "ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ" ಅಂತ ನನಗೆ ಆಮೇಲೆ ಹೇಳಿದರು. ಆದರೆ ಆ ಗಳಿಗೆಯಲ್ಲಿ ವಿಜ್ಞಾನ ಮೇಡಂ ಮಾತು ತುಂಬಿಸಲು ಹೋಗಲಿಲ್ಲ, ಕಾರಣದ ಮೇಲೆ ಕಾರಣ ಕೊಡಲಿಲ್ಲ, ಕ್ಷಮಿಸಿ ಕ್ಷಮಿಸಿ ಅನ್ನಲಿಲ್ಲ. ಬಸ್ಸು ಬಂತು, ಒಟ್ಟಿಗೇ ಹತ್ತಿದರು. ಇಳಿಯುವಾಗ ಅಕ್ಕ ಕೇಳಿದ್ದು ಒಂದೇ: "ಸಂಜೆ ಎಷ್ಟೊತ್ತಿಗೆ ಬರ್ತೀಯಾ?"

ಭಾನುವಾರ ಸಂಜೆ

ಮೊದಲೇ ಹೇಳಿದ್ದರಿಂದ ಆದ ದೊಡ್ಡ ಅನುಕೂಲ ಅಡುಗೆಮನೆಯಲ್ಲಿ ಕಂಡಿತು. ಇದು ಹೊರಗಿನವರಿಗೆ ಸುಲಭಕ್ಕೆ ಗೊತ್ತಾಗುವ ವಿಷಯ ಅಲ್ಲ.

ಪ್ರಸಾದ ಅಂದರೆ ಸಪಾದ ಒಂದೇ, ಊಟ ಬೇರೆ ಅಂತ ವಿಜ್ಞಾನ ಮೇಡಂ ಅಂದುಕೊಂಡಿದ್ದರು. ಆದರೆ ಅನೇಕ ಮನೆಗಳಲ್ಲಿ ಊಟಕ್ಕೆ ಮಾಡಿದ ಅಡುಗೆಯಲ್ಲೇ ಒಂದಿಷ್ಟು ತೆಗೆದು ದೇವರಿಗೆ ನೈವೇದ್ಯ ಮಾಡುತ್ತಾರೆ. ಆಮೇಲೆ ಆ ನೈವೇದ್ಯವನ್ನು ದೊಡ್ಡ ಪಾತ್ರೆಗಳಿಗೆ ಮರಳಿ ಬೆರೆಸುತ್ತಾರೆ. ಆಗ ಬಡಿಸುವ ಅನ್ನ ಸಾರು ಪಾಯಸ ಎಲ್ಲವೂ ಪ್ರಸಾದವೇ ಆಗುತ್ತದೆ. ಬೆರೆಸುವುದೇ ಅದರ ಉದ್ದೇಶ, ಎಲ್ಲರಿಗೂ ಸಿಗಲಿ ಅಂತ. ಊಟಕ್ಕೆ ಮಾತ್ರ ಬರುತ್ತೇನೆ ಅನ್ನುವವರು ಗೊತ್ತಿಲ್ಲದೆ ತಾವು ಬೇಡ ಅಂದುಕೊಂಡಿದ್ದನ್ನೇ ಉಣ್ಣಬಹುದು. ಗೊತ್ತಾದ ಮೇಲೆ ಪಂಕ್ತಿಯಲ್ಲಿ ಕೂತು ಕೇಳುವುದು ಇನ್ನೂ ಮುಜುಗರ.

ಕನ್ನಡ ಮೇಡಂಗೆ ಇದು ತಾನಾಗೇ ಹೊಳೆದಿತ್ತು. ನೈವೇದ್ಯ ಬೆರೆಸುವ ಮೊದಲೇ ಒಂದು ಸ್ಟೀಲ್ ಕ್ಯಾರಿಯರಿನಲ್ಲಿ ಹೋಳಿಗೆ, ಕೋಸಂಬರಿ, ಚಿತ್ರಾನ್ನ, ಪಲ್ಯ ತೆಗೆದಿಟ್ಟಿದ್ದರು. ಸಂಜೆ ಬಡಿಸುವಾಗ ಮೆಲ್ಲಗೆ "ಇದು ಬೆರೆಸೋಕೆ ಮುಂಚೆ ತೆಗೆದಿಟ್ಟಿದ್ದು, ಧೈರ್ಯವಾಗಿ ತಿನ್ನು" ಅಂದರಂತೆ. ಮದುವೆಗಳಲ್ಲಿ ಸಸ್ಯಾಹಾರಿ ನೆಂಟರಿಗೆ ಬೇರೆ ಅಡುಗೆಯವರನ್ನಿಟ್ಟು ಬೇರೆ ಪೆಂಡಾಲ್ ಹಾಕಿಸುವ ಮುಸ್ಲಿಂ ಮನೆಗಳನ್ನು ನಾನು ನೋಡಿದ್ದೇನೆ. ಇದೂ ಅದೇ ಜಾತಿಯ ಕಾಳಜಿ. ಆದರೆ ಹೇಳಿದ್ದರೆ ತಾನೇ ಕಾಳಜಿ ಮಾಡಲು ಆಗುವುದು? ಜ್ವರ ಅಂದವರಿಗೆ ಯಾರೂ ಕ್ಯಾರಿಯರ್ ತೆಗೆದಿಡುವುದಿಲ್ಲ.

ವಿಜ್ಞಾನ ಮೇಡಂ ಒಂದು ಗೋಡೆ ಗಡಿಯಾರ ತಂದಿದ್ದರು. ಮುಯ್ಯಿಯ ಕವರನ್ನು ಬೆಳಿಗ್ಗೆಯೇ ನನ್ನ ಕೈಯಲ್ಲಿ ಕಳಿಸಿದ್ದರು. ಬೆಳಗಿನ ಕಾರ್ಯಕ್ಕೆ ತಮ್ಮ ಹೆಸರಿನ ಮುಯ್ಯಿ ಸೇರಲಿ ಅನ್ನುವುದು ಅವರ ಆಸೆ. ದೀಪ, ದೇವರ ಪಟ ತರಬೇಕಾ ಅಂತ ಮೊದಲು ನನ್ನನ್ನು ಕೇಳಿದ್ದರು. ಬೇಡ ಅಂದೆ. ತಾನು ಪೂಜೆಗೆ ಬರಲಾಗದವರು ಪೂಜೆಯ ಸಾಮಾನು ಕೊಟ್ಟರೆ ನೋಡುವವರಿಗೆ ಗಲಿಬಿಲಿ, ಕೊಡುವವರಿಗೂ ಸಮಾಧಾನ ಇರುವುದಿಲ್ಲ.

ಎಲ್ಲ ಸರಾಗವಾಗಿ ಆಯಿತು ಅಂತಲ್ಲ. ಕನ್ನಡ ಮೇಡಂ ಅತ್ತೆಗೆ ಎಂಬತ್ತು ದಾಟಿದೆ. ಮನೆ ನೋಡುತ್ತಾ ಒಳಕೋಣೆಗೆ ಹೋದಾಗ ಅವರು ಚಿಕ್ಕ ಬಟ್ಟಲಲ್ಲಿ ಸಪಾದ ಹಿಡಿದುಕೊಂಡು ಬಂದರು. "ಬೆಳಿಗ್ಗೆ ಬರಲಿಲ್ಲವಲ್ಲಮ್ಮ, ನಿನಗೇ ಅಂತ ಎತ್ತಿಟ್ಟಿದ್ದೆ. ತಗೋ, ಬೇಡ ಅನ್ನಬಾರದು."

ವಿಜ್ಞಾನ ಮೇಡಂ ಅಜ್ಜಿಯ ಕಾಲಿನ ಹತ್ತಿರ ನೆಲದ ಮೇಲೆ ಕೂತುಬಿಟ್ಟರು. ಬಟ್ಟಲನ್ನು ತಳ್ಳಲಿಲ್ಲ, ಕೈಯನ್ನು ಹಿಂದಕ್ಕೆ ಎಳೆಯಲಿಲ್ಲ. "ಅಜ್ಜೀ, ನನಗೋಸ್ಕರ ಎತ್ತಿಟ್ಟಿದ್ದೀರಲ್ಲ" ಅಂದರು. ಅಷ್ಟರಲ್ಲಿ ಕನ್ನಡ ಮೇಡಂ ಬಂದು "ಅತ್ತೆ, ಇವಳನ್ನ ಸಂಜೆ ಬಾ ಅಂತ ನಾನೇ ಹೇಳಿದ್ದು. ಇವಳಿಗೆ ಇದು ನಡೆಯಲ್ಲ. ಹೊಟ್ಟೆತುಂಬ ಹೋಳಿಗೆ ಬಡಿಸಿದ್ದೀನಿ" ಅಂತ ಬಟ್ಟಲನ್ನು ತಾವೇ ತೆಗೆದುಕೊಂಡು ಒಂದು ಚೂರು ಬಾಯಿಗೆ ಹಾಕಿಕೊಂಡರು. ಪ್ರಸಾದ ಹಾಗೇ ಉಳಿಯಲಿಲ್ಲ.

ಮನೆಯವರಿಗೆ ಏನು ಹೇಳಬೇಕು ಅನ್ನುವುದನ್ನು ಕರೆದವರೇ ನೋಡಿಕೊಳ್ಳಲು ಸಾಧ್ಯವಾಗಿದ್ದು ಅವರಿಗೆ ಮೊದಲೇ ಗೊತ್ತಿದ್ದರಿಂದ. ಗೊತ್ತಿಲ್ಲದಿದ್ದರೆ ಆ ಕೋಣೆಯಲ್ಲಿ ಅತ್ತೆಯೂ ಸೊಸೆಯೂ ಒಟ್ಟಿಗೆ ತಗೋ ತಗೋ ಅನ್ನುತ್ತಿದ್ದರು.

ಆಮೇಲೆ ಸ್ಟಾಫ್ ರೂಮಿನಲ್ಲಿ

ಸೋಮವಾರ ಮಾತು ಎದ್ದೇ ಎದ್ದಿತು. ನಮ್ಮ ಶಾಲೆಯ ಪಿ.ಟಿ. ಮಾಸ್ತರೂ ಮುಸ್ಲಿಮರೇ. ಅವರು ಪೂಜೆಗೆ ಬಂದಿದ್ದರು, ಕಥೆ ಕೇಳಿದ್ದರು, ಪ್ರಸಾದವನ್ನೂ ತಿಂದಿದ್ದರು. "ಅವರು ಬಂದ್ರಲ್ಲ, ನಿಮಗೇನು?" ಅಂತ ಒಬ್ಬರು ಕೇಳಿದರು. ಇನ್ನೊಬ್ಬರು "ಆಯುಧಪೂಜೆ ದಿನ ಶಾಲೆಯಲ್ಲಿ ಮಂಡಕ್ಕಿ ತಿಂದಿದ್ರಲ್ಲ" ಅಂದರು.

ಮೊದಲನೆಯದಕ್ಕೆ ವಿಜ್ಞಾನ ಮೇಡಂ ಕೊಟ್ಟ ಉತ್ತರ ಚೆನ್ನಾಗಿತ್ತು. "ಅವರಿಗೆ ಸರಿ ಅನ್ನಿಸಿದ್ದು ಅವರು ಮಾಡಿದ್ರು. ನನ್ನ ರೂಢಿ ಇಷ್ಟು." ಪಿ.ಟಿ. ಮಾಸ್ತರು ಮಾಡಿದ್ದು ತಪ್ಪು ಅನ್ನುವ ಧಾಟಿ ಅದರಲ್ಲಿ ಇರಲಿಲ್ಲ. ಒಂದೇ ಮತದ ಇಬ್ಬರನ್ನು ಪಕ್ಕ ಪಕ್ಕ ನಿಲ್ಲಿಸಿ ಒಬ್ಬರನ್ನು ಒಳ್ಳೆಯವರು, ಇನ್ನೊಬ್ಬರನ್ನು ಕಟ್ಟಾ ಮತದವರು ಅನ್ನುವುದು ಎಲ್ಲ ಕಡೆ ನಡೆಯುತ್ತದೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಏಕಾದಶಿ ಉಪವಾಸ ಮಾಡುವವರು, ಮಾಡದವರು ನಮ್ಮಲ್ಲೂ ಒಂದೇ ಮನೆಯಲ್ಲಿ ಇರುತ್ತಾರೆ. ಅದರಿಂದ ಯಾರೂ ಒಬ್ಬರನ್ನೊಬ್ಬರು ಅಳೆಯುವುದಿಲ್ಲ.

ಎರಡನೆಯ ಮಾತಿನಲ್ಲಿ ಮಾತ್ರ ತೂಕ ಇತ್ತು. ಜನ ನಮ್ಮ ಮಾತನ್ನು ನಮ್ಮ ಹಿಂದಿನ ನಡತೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಶಾಲೆಯ ಆಯುಧಪೂಜೆಯಲ್ಲಿ ಅವರು ಹಿಂದೆ ನಿಂತಿರುತ್ತಿದ್ದರು, ಆರತಿ ತೆಗೆದುಕೊಳ್ಳುತ್ತಿರಲಿಲ್ಲ, ಮಕ್ಕಳಿಗೆ ಹಂಚುವ ಮಂಡಕ್ಕಿ ಸಿಹಿಯನ್ನು ತಿನ್ನುತ್ತಿದ್ದರು. ಅದು ನೈವೇದ್ಯಕ್ಕೆ ಇಟ್ಟಿದ್ದೋ ಸುಮ್ನೆ ಹಂಚಿದ್ದೋ ಅಂತ ಅವರು ವಿಚಾರಿಸಿರಲೂ ಇಲ್ಲ. "ಹೌದು, ತಿಂದಿದ್ದೆ" ಅಂತಲೇ ಒಪ್ಪಿಕೊಂಡರು. ಅಲ್ಲಿಗೆ ಮಾತು ನಿಂತಿತು. ವಾದಕ್ಕೆ ಇಳಿದಿದ್ದರೆ ಯಾವ ತಿಂಡಿ ಯಾವ ದಿನ ಯಾರು ತಿಂದರು ಅನ್ನುವ ಲೆಕ್ಕ ಶುರುವಾಗಿ ಅಕ್ಕನ ಹೊಸ ಮನೆ ಅದರಲ್ಲಿ ಕಳೆದುಹೋಗುತ್ತಿತ್ತು. ಮುಂದಿನ ವರ್ಷದಿಂದ ಅವರು ಆಯುಧಪೂಜೆಯ ಮಂಡಕ್ಕಿ ಹಂಚುವ ಕೆಲಸವನ್ನು ತಾವೇ ವಹಿಸಿಕೊಂಡರು. ಪೂಜೆಗೆ ಇಟ್ಟಿದ್ದು ಒಂದು ತಟ್ಟೆ, ಹಂಚುವುದು ಬೇರೆ ಮೂಟೆ ಅಂತ ಆಗ ಗೊತ್ತಾಯಿತು.

ಈ ದಾರಿ ನಡೆಯದ ಕಡೆ

ಇಲ್ಲಿ ಕೆಲಸ ಸಲೀಸಾಗಿದ್ದು ಇಬ್ಬರೂ ಸಮಸಮ ಇದ್ದುದರಿಂದ. ಇದೇ ಕರೆ ಹೆಡ್‌ಮೇಡಂ ಅವರಿಂದಲೋ ಬಾಡಿಗೆ ಮನೆಯ ಓನರ್ ಅವರಿಂದಲೋ ಬಂದಿದ್ದರೆ ಇಷ್ಟು ಬಿಚ್ಚಿ ಹೇಳಲು ಧೈರ್ಯ ಬೇಕು. ಅಲ್ಲಿ ಮಾತು ಇನ್ನೂ ಚಿಕ್ಕದಿರಬೇಕು. "ಕಾರ್ಯ ಚೆನ್ನಾಗಿ ಆಗಲಿ ಮೇಡಂ, ನಾನು ಸಂಜೆ ಬಂದು ಮಾತಾಡಿಸಿಕೊಂಡು ಹೋಗ್ತೀನಿ" ಅನ್ನುವಷ್ಟು ಸಾಕು. ಕಾರಣ ಕೇಳಿದರೆ ಮಾತ್ರ ಹೇಳಬೇಕು. ಕೇಳದವರಿಗೆ ಹೇಳುವ ಹಂಗಿಲ್ಲ.

ಸಾವಿನ ಮನೆಯ ಕರೆ ಬೇರೆಯೇ. ಹದಿಮೂರನೇ ದಿನದ ವೈಕುಂಠ ಸಮಾರಾಧನೆಗೋ, ಮುಸ್ಲಿಂ ಮನೆಯ ನಲವತ್ತನೇ ದಿನಕ್ಕೋ, ಚರ್ಚಿನ ನೆನಪಿನ ಪೂಜೆಗೋ ಕರೆದಾಗ ಇಷ್ಟು ಬರುತ್ತೇನೆ, ಇಷ್ಟಕ್ಕೆ ಬರಲ್ಲ ಅಂತ ದುಃಖದಲ್ಲಿರುವವರ ಹತ್ತಿರ ಲೆಕ್ಕ ಹೇಳಬಾರದು. ಅದಕ್ಕೂ ಮೊದಲೇ ಒಂದು ದಿನ ಮನೆಗೆ ಹೋಗಿ ಕೂತು ಬಂದರೆ ಆ ದಿನ ಕಾಣದಿದ್ದುದನ್ನು ಯಾರೂ ಎತ್ತಿ ಆಡುವುದಿಲ್ಲ.

ಮತ್ತೆ ಮತ್ತೆ ಕರೆಯುವವರೂ ಇದ್ದಾರೆ. ಒಮ್ಮೆ ಬಂದು ನೋಡಿ, ನಿಮಗೇ ಬದಲಾವಣೆ ಗೊತ್ತಾಗುತ್ತೆ ಅಂತ ಪ್ರಾರ್ಥನಾ ಕೂಟಕ್ಕೋ ಭಜನೆಗೋ ಪ್ರವಚನಕ್ಕೋ ವಾರ ವಾರ ಕರೆಯುತ್ತಾರೆ. ಅಲ್ಲಿ "ಈ ವಾರ ಆಗಲ್ಲ" ಅಂದರೆ ಮುಂದಿನ ವಾರದ ಕರೆಯನ್ನು ನಾವೇ ಬರಮಾಡಿಕೊಂಡ ಹಾಗೆ. "ನನ್ನ ಬಗ್ಗೆ ಯೋಚನೆ ಮಾಡ್ತೀರಲ್ಲ, ಸಂತೋಷ. ಆದರೆ ಕೂಟಕ್ಕೆ ನಾನು ಬರೋದಿಲ್ಲ. ಮನೆಗೆ ಕರೀರಿ, ಬರ್ತೀನಿ" ಅಂತ ಒಂದೇ ಸಲ ಹೇಳುವುದು ವಾಸಿ. ಆಮೇಲೂ ಬಿಡದಿದ್ದರೆ ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಹೇಳಬೇಕು. ಹೊಸ ಕಾರಣ ಕೊಟ್ಟರೆ ಅದನ್ನು ಬಗೆಹರಿಸಲು ಅವರು ಹೊರಡುತ್ತಾರೆ.

ಕನ್ನಡ ಮೇಡಂ ಅತ್ತೆಗೆ ಇವತ್ತಿಗೂ ಸಮಾಧಾನ ಆಗಿಲ್ಲ. ವಿಜ್ಞಾನ ಮೇಡಂ ಅಂದರೆ ಅವರಿಗೆ ಇಷ್ಟ, ಮಗಳ ಓದಿನ ಬಗ್ಗೆ ಕೇಳುತ್ತಾರೆ, ಹಬ್ಬಕ್ಕೆ ಕೋಡುಬಳೆ ಕಳಿಸುತ್ತಾರೆ. ಆದರೂ "ಆ ದಿನ ಪ್ರಸಾದ ಒಂದು ತಗೊಂಡಿದ್ರೆ ಆಗಿತ್ತು" ಅನ್ನುವುದನ್ನು ಬಿಟ್ಟಿಲ್ಲ. ಸೊಸೆ ಅವರನ್ನು ತಿದ್ದಲು ಹೋಗಿಲ್ಲ. ಈ ಸಲದ ವರಮಹಾಲಕ್ಷ್ಮಿಗೆ ಕನ್ನಡ ಮೇಡಂ ಫೋನು ಮಾಡಿ ಕರೆದಿದ್ದು ಹೀಗೆ: "ಶುಕ್ರವಾರ ಹಬ್ಬ. ಶನಿವಾರ ಮಧ್ಯಾಹ್ನ ಸ್ಕೂಲ್ ಬಿಟ್ಟ ಮೇಲೆ ಬಾ, ಕ್ಯಾರಿಯರ್ ತೆಗೆದಿಟ್ಟಿರ್ತೀನಿ."